ಬ್ಲೌಸ್ ಹೊಲಿಯುವ ಮನೆಗೆ ಯಾವ ಮಶಿನ್? ಕಾಲು ಮಶಿನ್, ಕರೆಂಟ್ ಮಶಿನ್, ಕಂಪ್ಯೂಟರ್ ಮಶಿನ್

ಮನೆಯಲ್ಲೇ ಟೈಲರಿಂಗ್ ಶುರು ಮಾಡೋಣ ಅಂತ ಅಂಗಡಿಗೆ ಹೋದರೆ ಮೂರು ಬಗೆಯ ಮಶಿನ್ ತೋರಿಸುತ್ತಾರೆ. ಕಾಲಲ್ಲಿ ತುಳಿಯುವ ಕರಿ ಮಶಿನ್, ಸ್ಟ್ಯಾಂಡ್ ಮತ್ತು ಟೇಬಲ್ ಸೇರಿ ಸುಮಾರು 7ರಿಂದ 10 ಸಾವಿರ ರೂಪಾಯಿ. ಟೇಬಲ್ ಮೇಲಿಟ್ಟು ಹೊಲಿಯುವ ಬಿಳಿ ಬಣ್ಣದ ಕರೆಂಟ್ ಮಶಿನ್ 10ರಿಂದ 18 ಸಾವಿರ. ಸಣ್ಣ ಸ್ಕ್ರೀನ್ ಇರುವ ಕಂಪ್ಯೂಟರ್ ಮಶಿನ್ 25 ಸಾವಿರದಿಂದ ಮೇಲಕ್ಕೆ. ಬೆಲೆ ಏರಿದ ಹಾಗೆ ಮಶಿನ್ ಕೂಡ ಒಳ್ಳೆಯದಾಗುತ್ತಾ ಹೋಗುತ್ತದೆ ಅಂತ ಅನಿಸುವುದು ಸಹಜ. ಆದರೆ ಹೊಲಿದು ದುಡಿಯುವವರ ಮಟ್ಟಿಗೆ ಅದು ಅಷ್ಟು ಸರಿಯಲ್ಲ. ಈ ಮೂರು ಮಶಿನ್‌ಗಳು ಮಾಡುವ ಕೆಲಸವೇ ಬೇರೆ ಬೇರೆ. ನಿಮಗೆ ಬರುವ ಆರ್ಡರ್ ಯಾವುದು ಅನ್ನೋದರ ಮೇಲೆ ಯಾವ ಮಶಿನ್ ಬೇಕು ಅನ್ನೋದು ಗೊತ್ತಾಗುತ್ತದೆ.

ನಮ್ಮ ಕಡೆ ಮನೆ ಟೈಲರಿಂಗ್ ಅಂದರೆ ಬಹುತೇಕ ಇಷ್ಟೇ: ಲೈನಿಂಗ್ ಬ್ಲೌಸ್, ಸೀರೆಗೆ ಫಾಲ್ ಮತ್ತು ಪಿಕೋ, ಚೂಡಿದಾರ್, ನೈಟಿ, ಜೊತೆಗೆ ಆಲ್ಟರೇಷನ್. ಹಾಗಾಗಿ ಅದನ್ನೇ ಇಟ್ಟುಕೊಂಡು ಹೋಲಿಸುತ್ತೇನೆ. ಪರದೆ, ಬ್ಯಾಗು, ಶಾಲೆ ಯೂನಿಫಾರ್ಮ್ ಹೊಲಿಯುವವರ ಲೆಕ್ಕ ಬೇರೆ.

ಮೊದಲು ಸ್ಪೀಡಿನ ವಿಷಯ ಮುಗಿಸೋಣ

ಅಂಗಡಿಯವರು ಮೊದಲು ಹೇಳುವುದೇ ಸ್ಪೀಡು. ಕರೆಂಟ್ ಮಶಿನ್ ತಗೊಂಡರೆ ದಿನಕ್ಕೆ ಎರಡು ಪಟ್ಟು ಬ್ಲೌಸ್ ಮುಗಿಯುತ್ತದೆ ಅಂತಾರೆ. ಲೆಕ್ಕ ಹಾಕಿ ನೋಡಿ.

ಒಂದು ಲೈನಿಂಗ್ ಬ್ಲೌಸಿನಲ್ಲಿ ಒಟ್ಟು ಎಷ್ಟು ಹೊಲಿಗೆ ಬೀಳುತ್ತದೆ? ಪ್ರತಿ ಪೀಸಿಗೂ ಲೈನಿಂಗ್ ಕೂರಿಸಬೇಕು, ಟಕ್ಸ್ ಹಾಕಬೇಕು, ಕತ್ತಿಗೆ ಪೈಪಿಂಗ್ ಕೊಡಬೇಕು, ತೋಳು ಜೋಡಿಸಬೇಕು, ಸೈಡಿಗೆ ಎರಡು ಮೂರು ಸಾಲು ಹೊಡೆಯಬೇಕು. ಎಲ್ಲ ಸೇರಿ ಅಂದಾಜು 15 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಹೊಲಿಗೆ ಎರಡೂವರೆ ಮಿಲಿಮೀಟರ್ ಉದ್ದ ಇದ್ದರೆ ಮೀಟರಿಗೆ 400 ಹೊಲಿಗೆ. ಅಂದರೆ ಒಂದು ಬ್ಲೌಸಿಗೆ 6,000.

ಕಾಲು ಮಶಿನ್‌ನಲ್ಲಿ ಆರಾಮಾಗಿ ತುಳಿದರೆ ನಿಮಿಷಕ್ಕೆ 300 ಹೊಲಿಗೆ ಬೀಳುತ್ತದೆ ಅನ್ನೋಣ. ಆಗ 20 ನಿಮಿಷ ಬೇಕು. ಮನೆ ಬಳಕೆಯ ಕರೆಂಟ್ ಮಶಿನ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 700ರ ಮೇಲೆ ಓಡುತ್ತದೆ. ಆದರೆ ಕತ್ತಿನ ತಿರುವಿನಲ್ಲಿ, ತೋಳಿನ ಸುತ್ತಿನಲ್ಲಿ ಯಾರೂ ಪೂರ್ತಿ ಒತ್ತುವುದಿಲ್ಲ. ಹಾಗಾಗಿ 10-12 ನಿಮಿಷ ಹಿಡಿಯುತ್ತದೆ. ಉಳಿಯುವುದು ಎಂಟೋ ಹತ್ತೋ ನಿಮಿಷ, ಅಷ್ಟೇ. ಅಳತೆ, ಕಟಿಂಗ್, ಇಸ್ತ್ರಿ, ಹುಕ್ಸ್, ಕೈ ಹೆಮ್ಮಿಂಗ್ ಎಲ್ಲ ಸೇರಿ ಒಂದು ಬ್ಲೌಸಿಗೆ ಎರಡರಿಂದ ಮೂರು ಗಂಟೆ ಹೋಗುತ್ತದೆ ಅಲ್ವಾ? ಆ ಸಮಯವನ್ನು ಯಾವ ಮಶಿನ್ನೂ ಕಡಿಮೆ ಮಾಡುವುದಿಲ್ಲ.

ಹಾಗಂತ ಮೋಟಾರ್ ಬೇಡ ಅಂತ ಹೇಳುತ್ತಿಲ್ಲ. ದಿನಾ ಐದಾರು ಗಂಟೆ ತುಳಿಯುವವರಿಗೆ ಮಂಡಿ ಮತ್ತು ಸೊಂಟದ ನೋವು ಏನು ಅಂತ ಗೊತ್ತು. ಮೋಟಾರಿಗೆ ದುಡ್ಡು ಹಾಕಬೇಕಾದದ್ದು ಅದಕ್ಕಾಗಿ, ಸ್ಪೀಡಿಗಾಗಿ ಅಲ್ಲ. ಕರೆಂಟ್ ಬಿಲ್ಲಿನ ಚಿಂತೆಯೂ ಬೇಡ. 80 ವ್ಯಾಟ್ ಮೋಟಾರು ಐದು ಗಂಟೆ ಒಂದೇ ಸಮ ಓಡಿದರೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ. ಪಕ್ಕದಲ್ಲಿ ಕಾಯುತ್ತಾ ಕೂತಿರುವ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಅಷ್ಟನ್ನು ಅರ್ಧ ಗಂಟೆಯೊಳಗೆ ನುಂಗುತ್ತದೆ.

ಕಾಲು ಮಶಿನ್: ಹಳೆಯದು ಅಂತ ತಳ್ಳಿಹಾಕಬೇಡಿ

ಕೈಯಲ್ಲಿ ತಿರುಗಿಸುವ ಮಶಿನ್ ವ್ಯಾಪಾರಕ್ಕೆ ಆಗುವುದಿಲ್ಲ. ಒಂದು ಕೈ ಚಕ್ರಕ್ಕೇ ಹೋದರೆ ಬಟ್ಟೆ ಹಿಡಿಯಲು ಒಂದೇ ಕೈ ಉಳಿಯುತ್ತದೆ. ಅದನ್ನು ಇಲ್ಲಿಗೇ ಬಿಡೋಣ.

ಕಾಲು ಮಶಿನ್‌ನಲ್ಲೂ ಎರಡು ಬಗೆ ಇದೆ. ಒಂದು ಮನೆಗಾಗಿ ಮಾಡಿದ ಹಗುರ ಮಾಡೆಲ್. ಇನ್ನೊಂದು ಟೈಲರ್ ಮಾಡೆಲ್ ಅಂತಲೋ ಅಂಬ್ರೆಲಾ ಅಂತಲೋ ಅಂಗಡಿಯಲ್ಲಿ ಕರೆಯುವ ಭಾರದ್ದು. ವ್ಯಾಪಾರಕ್ಕೆ ಎರಡನೆಯದೇ ಸರಿ. ಎರಕದ ಕಬ್ಬಿಣದ ಮೈ, ಹತ್ತು ಕೆಜಿಗೂ ಮೇಲೆ ತೂಕ. ಆ ತೂಕವೇ ಅದರ ಗುಣ. ರೇಷ್ಮೆ ಬ್ಲೌಸಿನ ಜರಿ ಬಾರ್ಡರ್, ಅದರ ಕೆಳಗೆ ಲೈನಿಂಗ್, ನಡುವೆ ಪೈಪಿಂಗ್, ಇವೆಲ್ಲ ಸೈಡ್ ಹೊಲಿಗೆಯಲ್ಲಿ ಸೇರುವ ಜಾಗದಲ್ಲಿ ಎಂಟು ಪದರ ಬಟ್ಟೆ ಇರುತ್ತದೆ. ಭಾರದ ಮಶಿನ್ ಅಲ್ಲಿ ಅಲುಗಾಡುವುದಿಲ್ಲ. ಸೂಜಿ ನೆಟ್ಟಗೆ ಇಳಿಯುತ್ತದೆ. ಹೊಲಿಗೆ ಬಿಡುವುದಿಲ್ಲ.

ಇನ್ನೊಂದು ಅನುಕೂಲ ಹಿಡಿತದ್ದು. ಪೈಪಿಂಗಿನ ಅಂಚಿಗೆ ಒಂದೊಂದೇ ಹೊಲಿಗೆ ಹಾಕಬೇಕಾದಾಗ ಕಾಲು ಮತ್ತು ಕೈಚಕ್ರ ಸೇರಿ ಎಷ್ಟು ಬೇಕೋ ಅಷ್ಟೇ ಹಾಕಬಹುದು. ಕಲಿಯುವವರಿಗೆ ಮೊದಲ ವಾರ ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿಯುತ್ತದೆ. ದಾರ ಹಾಕದೆ ಸುಮ್ನೆ ಪೇಪರ್ ಮೇಲೆ ತುಳಿದು ಅಭ್ಯಾಸ ಮಾಡಿದರೆ ಅದು ಸರಿಹೋಗುತ್ತದೆ.

ಇದಕ್ಕೇ ಮೋಟಾರ್ ಹಾಕಿಸಬಹುದು ಅನ್ನೋದು ಮುಖ್ಯ. ಮಶಿನ್ ಹಿಂಬದಿಗೆ ಬ್ರ್ಯಾಕೆಟ್ ಕೂರಿಸಿ, ಸಣ್ಣ ರಬ್ಬರ್ ಬೆಲ್ಟಿನಿಂದ ಕೈಚಕ್ರಕ್ಕೆ ಜೋಡಿಸುತ್ತಾರೆ. ಮೋಟಾರ್, ಕಾಲಿನ ಸ್ವಿಚ್, ಕೂಲಿ ಸೇರಿ 1,500ರಿಂದ 2,000 ರೂಪಾಯಿಯ ಆಸುಪಾಸು. ಒಳಗಿನ ತಂತಿ ತಾಮ್ರದ್ದೇ ಅಂತ ಕೇಳಿ ತಗೊಳ್ಳಿ. ಅಲ್ಯೂಮಿನಿಯಂ ತಂತಿಯದು ಅಗ್ಗ, ಆದರೆ ಬೇಗ ಬಿಸಿಯಾಗುತ್ತದೆ. ತುಳಿಯುವ ಚರ್ಮದ ಬೆಲ್ಟನ್ನು ಬಿಸಾಡಬೇಡಿ. ಹಬ್ಬದ ಹಿಂದಿನ ದಿನ ಕರೆಂಟ್ ಹೋದರೆ ಅದನ್ನೇ ಮತ್ತೆ ಹಾಕಿ ಹೊಲಿಯಬಹುದು. ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ.

ಆಗದ್ದು ಒಂದೇ. ಈ ಮಶಿನ್‌ಗೆ ಸಾದಾ ನೇರ ಹೊಲಿಗೆ ಬಿಟ್ಟು ಬೇರೆ ಬರುವುದಿಲ್ಲ. ಝಿಗ್‌ಝ್ಯಾಗ್ ಇಲ್ಲ, ಹಾಗಾಗಿ ಪಿಕೋ ಇಲ್ಲ, ಕಾಜಾ ಇಲ್ಲ.

ಕರೆಂಟ್ ಮಶಿನ್: ಝಿಗ್‌ಝ್ಯಾಗಿಗಾಗಿ ತಗೊಳ್ಳಿ

ಪೋರ್ಟಬಲ್ ಅಂತ ಕರೆಯುವ ಬಿಳಿ ಮಶಿನ್‌ನ ನಿಜವಾದ ಬೆಲೆ ಇರುವುದು ಸೂಜಿ ಎಡಕ್ಕೂ ಬಲಕ್ಕೂ ಓಡಾಡುವುದರಲ್ಲಿ. ಸಾಮಾನ್ಯವಾಗಿ 5 ಮಿಲಿಮೀಟರ್ ಅಗಲದವರೆಗೆ ಓಡಾಡುತ್ತದೆ. ಇಷ್ಟಿದ್ದರೆ ಸೀರೆಯ ತುದಿ ಮಡಚಿಕೊಂಡು ಕಿರಿದಾದ, ಒತ್ತಾದ ಝಿಗ್‌ಝ್ಯಾಗಿನಲ್ಲಿ ಪಿಕೋ ಮಾಡಬಹುದು. ಬಟ್ಟೆಯ ಅಂಚಿನ ಎಳೆ ಬಿಡದ ಹಾಗೆ ಕಟ್ಟಬಹುದು. ಕಾಜಾ ಹಾಕಬಹುದು. ಪಟ್ಟಿಯಲ್ಲಿ ಬರೆದಿರುವ ಇಪ್ಪತ್ತು ಮೂವತ್ತು ಬಗೆಯ ಹೊಲಿಗೆಗಳಲ್ಲಿ ದುಡ್ಡು ತರುವುದು ಈ ಮೂರೇ.

ಇದರ ತೊಂದರೆ ಎರಡು. ಮೊದಲನೆಯದು ದಪ್ಪ ಬಟ್ಟೆ. ಮೈ ಹಗುರ, ಮೋಟಾರು ಸಣ್ಣದು. ಜರಿ ಬಾರ್ಡರ್ ಎಂಟು ಪದರ ಆದ ಕಡೆ ಸೂಜಿ ಸ್ವಲ್ಪ ಬಾಗುತ್ತದೆ, ಒಂದೆರಡು ಹೊಲಿಗೆ ಬಿಟ್ಟು ಹೋಗುತ್ತದೆ. ಎರಡನೆಯದು ನಿಧಾನ ಹೊಲಿಯುವಾಗ ಬರುವುದು. ಕಾಲಿನ ಪೆಡಲನ್ನು ಅರ್ಧ ಒತ್ತಿದರೆ ಮೋಟಾರಿಗೆ ಹೋಗುವ ಕರೆಂಟೂ ಕಡಿಮೆ, ಅದರ ಜೊತೆಗೆ ಶಕ್ತಿಯೂ ಕಡಿಮೆ. ದಪ್ಪ ಜಾಗದಲ್ಲಿ ಗುಂಯ್ ಅಂತ ಸದ್ದು ಮಾತ್ರ ಬರುತ್ತದೆ, ಸೂಜಿ ಇಳಿಯುವುದಿಲ್ಲ. ಇನ್ನೂ ಸ್ವಲ್ಪ ಒತ್ತಿದರೆ ದಢಾರನೆ ನಾಲ್ಕು ಹೊಲಿಗೆ ಮುಂದೆ ಹೋಗಿರುತ್ತದೆ. ಅಂಥ ಜಾಗದಲ್ಲಿ ಕೈಚಕ್ರ ತಿರುಗಿಸಿ ದಾಟಿಸಬೇಕು. ಸೂಜಿ 14ನೇ ನಂಬರ್ ಇದ್ದರೆ 16 ಹಾಕಿದರೂ ಸ್ವಲ್ಪ ಸುಧಾರಿಸುತ್ತದೆ. ಆದರೆ ಅದೇ 16ರ ಸೂಜಿಯಲ್ಲಿ ತೆಳು ರೇಷ್ಮೆ ಹೊಲಿದರೆ ತೂತು ಕಾಣುತ್ತದೆ. ಅದಕ್ಕೆ 11 ಬೇಕು. ಬದಲಾಯಿಸಲು ಬೇಜಾರು ಪಡಬಾರದು.

ವಾರಂಟಿ ಕಾರ್ಡನ್ನು ಅಂಗಡಿಯಲ್ಲೇ ತೆರೆದು ಓದಿ. ಇಂಥ ಮಶಿನ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳ ವಾರಂಟಿ ಮನೆ ಬಳಕೆಗೆ ಮಾತ್ರ. ದಿನಾ ಎಂಟು ಗಂಟೆ ಓಡಿಸಿದರೆ ಮೋಟಾರು ಬಿಸಿಯಾಗುತ್ತದೆ, ಸುಟ್ಟರೆ ಖರ್ಚು ನಿಮ್ಮದೇ ಆಗಬಹುದು. ಗಂಟೆಗೊಮ್ಮೆ ನಿಲ್ಲಿಸಿ, ಆ ಹೊತ್ತಿಗೆ ಹುಕ್ಸ್ ಹಾಕಿಕೊಳ್ಳಿ.

ಇಲ್ಲಿ ಪವರ್ ಮಶಿನ್ ಬಗ್ಗೆ ಎರಡು ಮಾತು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇರುವಂಥದ್ದು, ನಿಮಿಷಕ್ಕೆ 4,000 ಹೊಲಿಗೆ ದಾಟುತ್ತದೆ. ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಬಂದವರಿಗೆ ಇದರ ಮೇಲೆ ಕೈ ಕೂತಿರುತ್ತದೆ, ಅವರು ಇದನ್ನೇ ತಗೊಳ್ಳಬಹುದು. ಹಳೆ ಕ್ಲಚ್ ಮೋಟಾರಿನದು ಬೇಡ. ಹೊಲಿಯದಿದ್ದಾಗಲೂ ಅದು ಸದ್ದು ಮಾಡುತ್ತಾ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರಿನದು ಒತ್ತಿದಾಗ ಮಾತ್ರ ತಿರುಗುತ್ತದೆ, ಸ್ಪೀಡ್ ಎಷ್ಟಿರಬೇಕು ಅಂತ ಮೊದಲೇ ಕಟ್ಟುಹಾಕಬಹುದು. ನಾಲ್ಕು ಅಡಿ ಉದ್ದದ ಟೇಬಲ್ ಹಿಡಿಸುವ ಜಾಗ ಬೇಕು. ಇದೂ ನೇರ ಹೊಲಿಗೆ ಮಾತ್ರ ಹಾಕುತ್ತದೆ, ಪಿಕೋ ಬರುವುದಿಲ್ಲ.

ಕಂಪ್ಯೂಟರ್ ಮಶಿನ್: ಎಂಬ್ರಾಯ್ಡರಿ ಬರುತ್ತೆ ಅಂತ ತಗೊಳ್ಳಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಕಂಪ್ಯೂಟರ್ ಮಶಿನ್ ಅಂದರೆ ಬ್ಲೌಸಿಗೆ ನವಿಲು, ಬಳ್ಳಿ ಎಲ್ಲ ಹಾಕಿಕೊಡುತ್ತದೆ ಅಂತ ನಂಬಿ ತಗೊಳ್ಳುತ್ತಾರೆ. 25-40 ಸಾವಿರದ ಮಶಿನ್‌ನಲ್ಲಿ ಇರುವುದು ಅಲಂಕಾರದ ಹೊಲಿಗೆಗಳು. ಎಲೆ, ಹೂವು, ಅಲೆ, ಎಲ್ಲವೂ ಸಾಲಾಗಿ ಬೀಳುತ್ತವೆ. ಅಗಲ 7 ಮಿಲಿಮೀಟರ್, ಹೆಚ್ಚೆಂದರೆ 9. ಮಕ್ಕಳ ಫ್ರಾಕಿನ ಅಂಚಿಗೆ ಚೆನ್ನಾಗಿರುತ್ತದೆ. ಮದುವೆ ಬ್ಲೌಸಿನ ತೋಳಿಗೆ ಯಾರೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ನಿಜವಾದ ಎಂಬ್ರಾಯ್ಡರಿಗೆ ಬಟ್ಟೆಯನ್ನು ಫ್ರೇಮಿಗೆ ಬಿಗಿದು, ಆ ಫ್ರೇಮನ್ನೇ ಆ ಕಡೆ ಈ ಕಡೆ ಓಡಿಸುವ ಬೇರೆ ಯಂತ್ರ ಬೇಕು. ಡಿಸೈನ್ ಫೈಲ್ ಬೇಕು. ಒಂದು ಕಂಪನಿಯ ಮಶಿನ್ `.pes` ಓದಿದರೆ ಇನ್ನೊಂದರದ್ದು `.jef` ಕೇಳುತ್ತದೆ. ಮನೆಗೆ ಸಿಗುವ ಸಣ್ಣ ಮಾಡೆಲ್‌ಗಳ ಫ್ರೇಮು ಎಷ್ಟೋ ಕಡೆ ನಾಲ್ಕು ಇಂಚು ಉದ್ದ, ನಾಲ್ಕು ಇಂಚು ಅಗಲ. ಬ್ಲೌಸಿನ ಬೆನ್ನಿಗೆ ಡಿಸೈನ್ ಬೇಕಾದರೆ ಫ್ರೇಮ್ ಬಿಚ್ಚಿ, ಸರಿಸಿ, ಮತ್ತೆ ಬಿಗಿದು ಜೋಡಿಸಬೇಕು. ಸೂಜಿ ಒಂದೇ ಇರುವುದರಿಂದ ಬಣ್ಣ ಬದಲಾದಾಗಲೆಲ್ಲ ದಾರ ಪೋಣಿಸಬೇಕು. ಹಾಗಾಗಿಯೇ ಆರಿ ಕೆಲಸ ಕೈಯಲ್ಲಿ ಮಾಡುವವರಿಗೆ ಇನ್ನೂ ಆರ್ಡರ್ ಸಿಗುತ್ತಿದೆ.

ಹಾಗಾದರೆ ಕಂಪ್ಯೂಟರ್ ಮಶಿನ್‌ನಲ್ಲಿ ಒಳ್ಳೆಯದು ಏನು? ಹಿಡಿತ. ನಿಧಾನ ಓಡಿಸಿದರೂ ಸೂಜಿಯ ಶಕ್ತಿ ಕುಗ್ಗುವುದಿಲ್ಲ, ಮೇಲೆ ಹೇಳಿದ ಗುಂಯ್ ಸದ್ದಿನ ಕಾಟ ಬಹುಮಟ್ಟಿಗೆ ಇಲ್ಲ. ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ನಿಲ್ಲುವ ಹಾಗೆ ಇಟ್ಟುಕೊಂಡರೆ ಮೂಲೆ ತಿರುಗಿಸುವುದು ಸುಲಭ. ಪೆಡಲ್ ಇಲ್ಲದೆ ಬಟನ್ ಒತ್ತಿ ಹೊಲಿಯಬಹುದು. ಕಾಲಿನ ತೊಂದರೆ ಇರುವವರಿಗೆ ಇದೊಂದೇ ಕಾರಣಕ್ಕೆ ಈ ಮಶಿನ್ ತಗೊಂಡರೂ ಸರಿಯೇ. ಕಾಜಾ ಒಂದೇ ಒತ್ತಿಗೆ ಎಲ್ಲ ಒಂದೇ ಅಳತೆಯಲ್ಲಿ ಬೀಳುತ್ತವೆ.

ಇದರ ಶತ್ರು ಎಂದರೆ ಕರೆಂಟಿನ ಏರಿಳಿತ. ಒಳಗಿನ ಸರ್ಕೀಟ್ ಬೋರ್ಡ್ ಹೋದರೆ ಊರಿನ ಮೆಕ್ಯಾನಿಕ್ ಕೈಯಲ್ಲಿ ಏನೂ ಆಗುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸಬೇಕು. ಅಲ್ಲಿಯವರೆಗೆ ಗಿರಾಕಿ ಕಾಯುತ್ತಾರಾ? ಸ್ಟೆಬಿಲೈಸರ್ ಬೇಕೇ ಬೇಕು. ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಬಗೆಯದಾ ಅಂತ ನೋಡಿಕೊಳ್ಳಿ, ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಇದನ್ನು ಓಡಿಸಬೇಡಿ.

ಒಂದು ಮನೆಯ ಲೆಕ್ಕ

ತಿಪಟೂರಿನಂಥ ಊರಿನ ಒಬ್ಬ ಗೃಹಿಣಿಯ ಲೆಕ್ಕ ಹಾಕೋಣ. ಮನೆಯಲ್ಲಿ ಅತ್ತೆಯ ಕಾಲದ ಕಾಲು ಮಶಿನ್ ಇದೆ. ತಿಂಗಳಿಗೆ 30 ಲೈನಿಂಗ್ ಬ್ಲೌಸ್ ಬರುತ್ತವೆ. 40 ಸೀರೆಗೆ ಫಾಲ್ ಹಾಕುತ್ತಾರೆ, ಆದರೆ ಪಿಕೋ ಮಾತ್ರ ಪೇಟೆಯ ಅಂಗಡಿಗೆ ಕೊಟ್ಟು ಮಾಡಿಸುತ್ತಾರೆ. ಸೀರೆಗೆ 40 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 1,600 ರೂಪಾಯಿ ಅಂಗಡಿಗೇ ಹೋಗುತ್ತದೆ. ಓಡಾಟ ಬೇರೆ. ಕೈಯಲ್ಲಿ 20 ಸಾವಿರ ಇದೆ. ಇನ್ನಷ್ಟು ಸಾಲ ಮಾಡಿ 35 ಸಾವಿರದ ಕಂಪ್ಯೂಟರ್ ಮಶಿನ್ ತಗೊಳ್ಳಲಾ ಅಂತ ಯೋಚನೆ.

ಹಳೆ ಮಶಿನ್ ಸರ್ವಿಸ್ ಮಾಡಿಸಿ ಮೋಟಾರ್ ಹಾಕಿಸಿದರೆ ಹೆಚ್ಚೆಂದರೆ 2,500. ಬ್ಲೌಸಿನ ನೇರ ಹೊಲಿಗೆ ಎಲ್ಲ ಅದರ ಮೇಲೇ ನಡೆಯುತ್ತದೆ. 14 ಸಾವಿರದ ಪೋರ್ಟಬಲ್ ಝಿಗ್‌ಝ್ಯಾಗ್ ಮಶಿನ್ ಒಂದನ್ನು ಪಿಕೋ, ಕಾಜಾಗೆ ಮಾತ್ರ ಇಟ್ಟುಕೊಂಡರೆ ತಿಂಗಳಿಗೆ ಉಳಿಯುವ 1,600ರಿಂದ ಒಂಬತ್ತು ತಿಂಗಳಲ್ಲಿ ಅದರ ದುಡ್ಡು ವಾಪಸ್. ಒಂದು ಸೀರೆಗೆ ಎರಡು ತುದಿ ಸೇರಿ ಪಿಕೋ ಬೀಳುವುದು ಎರಡೂವರೆ ಮೀಟರಿಗೂ ಕಡಿಮೆ. ತಿಂಗಳಿಗೆ 40 ಸೀರೆ ಅಂದರೆ ಆ ಸಣ್ಣ ಮೋಟಾರಿಗೆ ಭಾರವೇ ಅಲ್ಲ. ದಿನಕ್ಕೇ ಹತ್ತು ಹದಿನೈದು ಸೀರೆ ಬರಲು ಶುರುವಾದರೆ ಆಗ ಪಿಕೋ ಮಶಿನ್ನನ್ನೇ ಬೇರೆ ತಗೊಳ್ಳಬೇಕು.

35 ಸಾವಿರದ್ದು ತಗೊಂಡರೆ? ಪಿಕೋ ಅದೇ, ಉಳಿಯುವ 1,600 ಅದೇ. ಜಾಸ್ತಿ ಕೊಟ್ಟ 21 ಸಾವಿರವನ್ನು ಬೇರೆ ಕೆಲಸದಿಂದ ದುಡಿಯಬೇಕು. ಕಾಜಾ ಲೆಕ್ಕ ಹಿಡಿಯೋಣ. ಒಂದಕ್ಕೆ 3 ರೂಪಾಯಿ, ಒಂದು ಕುರ್ತಾಗೆ ಐದು, ಅಂದರೆ 15 ರೂಪಾಯಿ. 21 ಸಾವಿರ ಬರಲು 1,400 ಕುರ್ತಾ ಹೊಲಿಯಬೇಕು! ಅದೂ ಪೋರ್ಟಬಲ್‌ನಲ್ಲಿ ಕಾಜಾ ಬರುವುದೇ ಇಲ್ಲ ಅಂತ ಇಟ್ಟುಕೊಂಡರೆ. ಆದರೆ ಅದರಲ್ಲೂ ನಾಲ್ಕು ಹಂತದಲ್ಲಿ ಕಾಜಾ ಹಾಕಲು ಬರುತ್ತದೆ. ಮೋಟಾರ್, ಪೋರ್ಟಬಲ್ ಎರಡೂ ಆದ ಮೇಲೆ 20 ಸಾವಿರದಲ್ಲಿ ಉಳಿದ ಮೂರೂವರೆ ಸಾವಿರ ಕೈಯಲ್ಲೇ ಇರಲಿ. ಸ್ವಲ್ಪ ಸೇರಿಸಿ ಸಣ್ಣ ಓವರ್‌ಲಾಕ್ ಮಶಿನ್ ತಂದರೆ ಚೂಡಿದಾರಿನ ಒಳಗಿನ ಅಂಚು ಅಂಗಡಿಯದರ ಹಾಗೆ ಕಾಣುತ್ತದೆ. ಗಿರಾಕಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ.

ಸಾಲ ಮಾಡುವ ಮುಂಚೆ ಒಂದು ವಿಷಯ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಆಯ್ಕೆಯಾಗಿ ತರಬೇತಿಗೆ ಸೇರಿದವರಿಗೆ ಉಪಕರಣ ಕೊಳ್ಳಲು 15 ಸಾವಿರ ರೂಪಾಯಿವರೆಗಿನ ಇ-ವೋಚರ್, ಮೇಲೆ ಶೇ. 5ರ ಬಡ್ಡಿಗೆ ಮೊದಲ ಹಂತದಲ್ಲಿ 1 ಲಕ್ಷದವರೆಗೆ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಹತ್ತಿರದ ಸಿಎಸ್‌ಸಿ ಕೇಂದ್ರದಲ್ಲಿ ಕೇಳಿ.

ಅಂಗಡಿಗೆ ಹೋಗುವಾಗ ಚೂರು ಬಟ್ಟೆ ತಗೊಂಡು ಹೋಗಿ

ಅಂಗಡಿಯವರು ಗಂಜಿ ಹಾಕಿದ ಗಟ್ಟಿ ಕಾಟನ್ ಮೇಲೆ ಹೊಲಿದು ತೋರಿಸುತ್ತಾರೆ. ಅದರ ಮೇಲೆ ಎಂಥ ಮಶಿನ್ನೂ ಚೆನ್ನಾಗಿ ಹೊಲಿಯುತ್ತದೆ. ನಿಮ್ಮದೇ ಮೂರು ಚೂರು ಇರಲಿ: ಲೈನಿಂಗ್ ಕಾಟನ್, ಜಾರುವ ಕ್ರೇಪ್ ಅಥವಾ ಜಾರ್ಜೆಟ್, ಮತ್ತೆ ಜರಿ ಬಾರ್ಡರಿನ ತುಂಡು.

ಬಾರ್ಡರನ್ನು ಮಡಚಿ ಎಂಟು ಪದರ ಮಾಡಿ, ನಿಧಾನವಾಗಿ ಹತ್ತಿಸಿ ಇಳಿಸಿ. ಹೊಲಿಗೆ ಬಿಟ್ಟಿದೆಯಾ ನೋಡಿ. ಜಾರ್ಜೆಟ್ ಮೇಲೆ ಸುಕ್ಕು ಬರುತ್ತಾ ನೋಡಿ. ಎಲ್ಲ ಚೂರಿನ ಹಿಂಬದಿಯನ್ನೂ ತಿರುಗಿಸಿ ನೋಡಿ. ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ನೇತಾಡುತ್ತಿದ್ದರೆ ಮೇಲಿನ ದಾರದ ಟೆನ್ಷನ್ ಸಡಿಲ, ಇಲ್ಲವೇ ದಾರ ಸರಿಯಾಗಿ ಪೋಣಿಸಿಲ್ಲ. ಮೇಲ್ಭಾಗದಲ್ಲಿ ಬಾಬಿನ್ ದಾರ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನದು ಬಿಗಿ. ಇವೆರಡೂ ತಿರುಪಿನಲ್ಲಿ ಸರಿಹೋಗುವಂಥವು, ಮಶಿನ್‌ನ ದೋಷವಲ್ಲ. ಸೂಜಿ ಹೊಸದು, ಟೆನ್ಷನ್ ಸರಿ, ಆದರೂ ದಪ್ಪ ಜಾಗದಲ್ಲಿ ಪ್ರತಿ ಸಲ ಹೊಲಿಗೆ ಬಿಡುತ್ತಿದ್ದರೆ ಆ ಮಶಿನ್ ನಿಮ್ಮ ಕೆಲಸಕ್ಕಲ್ಲ.

ಸೆಕೆಂಡ್ ಹ್ಯಾಂಡ್ ಕರಿ ಮಶಿನ್ ನೋಡುತ್ತಿದ್ದರೆ ಸೂಜಿ ಹಿಡಿಯುವ ಕಂಬಿಯನ್ನು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಒಳಗೆ ಸವೆದಿದೆ. ಆಮೇಲೆ ಬಾಬಿನ್ ಕೇಸ್ ತೆಗೆದು ಶಟಲ್‌ನ ಮೊನೆ ಮುಟ್ಟಿ ನೋಡಿ. ಅದು ಮೊಂಡಾಗಿದ್ದರೆ ಅಥವಾ ಗೀರು ಬಿದ್ದಿದ್ದರೆ ದಾರ ಕಡಿಯುತ್ತಲೇ ಇರುತ್ತದೆ. ಶಟಲ್ ಹೊಸದು ಹಾಕಿಸಬಹುದು, ಅದು ದೊಡ್ಡ ಖರ್ಚಲ್ಲ. ಕಂಬಿ ಸವೆದಿದ್ದರೆ ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ.